ತಾವೇ ದೊಡ್ಡವರು, ಸ್ವಾಮಿ!

ಕಲಾಸಿಪಾಳ್ಯದಲ್ಲಿ ಯಾರಾದರೂ ನಿಮಗೆ ಅಗತ್ಯಕ್ಕಿಂತ ಹೆಚ್ಚು ಮರ್ಯಾದೆ ಕೊಟ್ಟರೆ ತಕ್ಷಣ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಜೇಬು ಸರಿಯಾಗಿದ್ದರೆ ಮಾನ ಹೋಗಿದೆ ಎಂದರ್ಥ. ಬೇಕಾದರೆ ತರಕಾರಿ ಗಾಡಿಯ ಮುಂದೆ ನಿಂತು ಬೀನ್ಸನ್ನು ಅರ್ಧ ಬೆಲೆಗೆ ಕೇಳಿ ನೋಡಿ. "ತಾವು ಹೇಳಿದ್ದೇ ರೇಟು ಸ್ವಾಮಿ, ಮೂಟೆ ಮನೆಗೇ ಕಳಿಸ್ಲಾ?" ಅಂತಾನೆ ಗಾಡಿಯವನು. ಬಸ್ಸಿನ ಬಾಗಿಲಲ್ಲೇ ಕಂಬದ ಹಾಗೆ ನಿಂತುಕೊಳ್ಳಿ. "ಮಹಾರಾಜರು ಸ್ವಲ್ಪ ಒಳಗೆ ದಯಮಾಡಿಸಬೇಕು" ಅಂತಾರೆ ಕಂಡಕ್ಟರು. ಎರಡರಲ್ಲೂ ಹುಡುಕಿದರೂ ಒಂದು ಬೈಗುಳ ಸಿಕ್ಕುವುದಿಲ್ಲ. ಆದರೂ ಬೈಸಿಕೊಂಡವರಿಗೆ ಚೆನ್ನಾಗಿ ತಿಳಿಯುತ್ತದೆ. ಹೇಳಿದವನ ದನಿ ಇರುತ್ತದೆ, ಎತ್ತಿದ ಹುಬ್ಬು ಇರುತ್ತದೆ, ಪಕ್ಕದ ಈರುಳ್ಳಿ ಗಾಡಿಯವನ ನಗುವಂತೂ ಇದ್ದೇ ಇರುತ್ತದೆ.

ಅಚ್ಚಾದ ಪದ್ಯಕ್ಕೆ ಹುಬ್ಬಿಲ್ಲ. ತೊಂದರೆ ಇರುವುದೇ ಅಲ್ಲಿ. ಹೊಗಳಿಕೆಯ ಸಾಲೊಂದು ಕಾಗದದ ಮೇಲೆ ಗಂಭೀರವಾಗಿ ಕೂತಿರುತ್ತದೆ. ಅದು ಕೈಮುಗಿಯುತ್ತಿದೆಯೋ ಕಾಲೆಳೆಯುತ್ತಿದೆಯೋ ಗೊತ್ತಾಗಬೇಕಾದರೆ ಓದುವವನೇ ಒಂದಿಷ್ಟು ಮೈಮುರಿಯಬೇಕು.

ನಮ್ಮ ಭಾವನವರಿಗೆ ಈ ಕಷ್ಟ ಬೇಡ. ಅವರದು ಕಲಾಸಿಪಾಳ್ಯದಲ್ಲಿ ಲಾರಿ ಪಾರ್ಸೆಲ್ ಬುಕಿಂಗ್ ಆಫೀಸು. ವ್ಯಾಪಾರದಲ್ಲಿ ಹೆತ್ತವರ ಮಾತನ್ನೂ ನಂಬದೆ ತೂಕದ ಯಂತ್ರವನ್ನು ಮಾತ್ರ ನಂಬುವ ಮನುಷ್ಯ. ಆದರೆ ಪದ್ಯ ಅಂತ ಬಂದರೆ ಬರೆದದ್ದನ್ನೆಲ್ಲ ನಂಬಿಬಿಡುತ್ತಾರೆ. ಕೇಳಿದರೆ, "ಕವಿಗಳು ಯಾಕಯ್ಯ ಸುಳ್ಳು ಹೇಳ್ತಾರೆ? ಅವರಿಗೇನು ಜಿಎಸ್‌ಟಿ ಇದೆಯಾ?" ಅನ್ನುತ್ತಾರೆ. ಎಲ್ಲದರಲ್ಲೂ ಕುಹಕ ಹುಡುಕುವುದು ನನ್ನಂಥ ಕೆಲಸವಿಲ್ಲದವರ ಕೆಲಸ ಎಂಬುದು ಅವರ ಖಚಿತ ಅಭಿಪ್ರಾಯ. ಅಕ್ಕನ ಅಭಿಪ್ರಾಯವೂ ಅದೇ ಆದ್ದರಿಂದ ನಾನು ಮೇಲ್ಮನವಿ ಸಲ್ಲಿಸುವ ಜಾಗವಿಲ್ಲ.

ನವೆಂಬರ್ ಬಂತೆಂದರೆ ಅವರ ಆಫೀಸಿನ ಎದುರಿನ ಆಟೋ ಸ್ಟ್ಯಾಂಡಿನಲ್ಲಿ ಹಳದಿ-ಕೆಂಪು ಬಾವುಟ ಏರುತ್ತದೆ, ಭುವನೇಶ್ವರಿಯ ಚಿತ್ರಕ್ಕೆ ಸೇವಂತಿಗೆ ಹಾರ ಬೀಳುತ್ತದೆ, ಮೈಕು ಬೆಳಗಿನಿಂದ ಹಾಡುತ್ತದೆ. ಹೀಗೊಂದು ಸಂಜೆ ಅದೇ ಮೈಕಿನಿಂದ ಮೊದಲು 'ನಿತ್ಯೋತ್ಸವ' ಬಂತು, ಸ್ವಲ್ಪ ಹೊತ್ತಿಗೆ 'ಕುರಿಗಳು ಸಾರ್ ಕುರಿಗಳು' ಬಂತು. ಎರಡಕ್ಕೂ ಭಾವ ಮೇಜಿನ ಮೇಲೆ ಒಂದೇ ರೀತಿ ತಾಳ ಹಾಕಿದರು. "ಒಬ್ಬರೇ ಬರೆದಿದ್ದು ಅಲ್ವಾ? ಎರಡೂ ಎಷ್ಟು ಲವಲವಿಕೆಯಾಗಿದೆ ನೋಡು" ಅಂದರು.

ಒಬ್ಬರೇ ಬರೆದದ್ದು ನಿಜ. ಕೆ.ಎಸ್. ನಿಸಾರ್ ಅಹಮದ್. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿ, ಭೂವಿಜ್ಞಾನ ಪಾಠ ಹೇಳುತ್ತ ಕವಿತೆ ಬರೆದವರು. ಲವಲವಿಕೆಯೂ ನಿಜ. ಕಾಲು ತಾನಾಗಿ ಕುಣಿಯುವ ಲಯ ಎರಡಕ್ಕೂ ಇದೆ. ಆದರೆ ಒಂದು ನಾಡಿಗೆ ಮಾಡಿದ ಆರತಿ, ಇನ್ನೊಂದು ನಾಡಿನವರಿಗೆ ಮಾಡಿದ ಮಂಗಳಾರತಿ. ಕವಿ ಒಬ್ಬನೇ, ಕುಣಿತ ಒಂದೇ ಅಂದಮೇಲೆ ವ್ಯತ್ಯಾಸ ಎಲ್ಲಿಂದ ಹುಟ್ಟಿತು? ಕವಿಯ ಸ್ವಭಾವದಿಂದಲ್ಲ, ಮಟ್ಟಿನಿಂದಲೂ ಅಲ್ಲ. ಹಾಗಿದ್ದರೆ ಎಲ್ಲಿ ನೋಡಬೇಕು?

"ಭಾವ, ಪದ್ಯದಲ್ಲಿ ಯಾರು ಯಾರಿಗೆ ಹೇಳ್ತಿದಾರೆ ಅಂತ ಮೊದಲು ನೋಡಬೇಕು" ಅಂದೆ.

"ಕವಿ ನಮಗೆ ಹೇಳ್ತಾನೆ. ಇನ್ಯಾರಿಗೆ ಹೇಳ್ತಾನೆ?"

ಇಲ್ಲೇ ಮುಗ್ಗರಿಸುವುದು. ಕುರಿಗಳ ಪದ್ಯದ ಹೆಸರಿನ ನಡುವೆಯೇ ಒಬ್ಬ ಸಾರ್ ಕೂತಿದ್ದಾನೆ, ನೋಡಿ. ಅವನು ಯಾರು? ಕಚೇರಿಯ ಮೇಲಧಿಕಾರಿಯೇ, ಮುಖಂಡನೇ, ಪಕ್ಕದ ಸೀಟಿನ ಪ್ರಯಾಣಿಕನೇ? ಕವಿ ಹೇಳುವುದಿಲ್ಲ. ಹೇಳುವವನು ಮಾತ್ರ ಕೈಕಟ್ಟಿ ನಿಂತು ವರದಿ ಒಪ್ಪಿಸುವವನ ಹಾಗೆ ಸಾರ್ ಸಾರ್ ಅನ್ನುತ್ತ, ಮಂದೆಯಲ್ಲಿ ತಲೆ ತಗ್ಗಿಸಿ ಒಂದರ ಹಿಂದೆ ಒಂದು ಹೋಗುವ ಕುರಿಗಳ ಸಂಗತಿ ಹೇಳುತ್ತಾನೆ. ಕೇಳುತ್ತಿದ್ದ ಸಾರ್ ನಗುತ್ತಾನೆ, ನಾವೂ ನಗುತ್ತೇವೆ. ಅಷ್ಟರಲ್ಲಿ ಆ ಕುರಿಗಳ ಪಟ್ಟಿಗೆ 'ನಾವು' ಸೇರಿರುತ್ತದೆ, 'ನೀವು' ಕೂಡ ಸೇರಿರುತ್ತದೆ. ಸಾರ್ ಅನ್ನಿಸಿಕೊಂಡವನೂ ಮಂದೆಯೊಳಗೇ, ಅಂದವನೂ ಮಂದೆಯೊಳಗೇ. ಗೌರವದ ಸಂಬೋಧನೆ ಆ ಹೊತ್ತಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಬೇಕೋ ಗೊತ್ತಾಗದೆ ನಿಂತಿರುತ್ತದೆ.

ಆಮೇಲೆ ಆ ಪದ್ಯದಲ್ಲಿ ಒಂದು ಮಚ್ಚು ಬರುತ್ತದೆ. ಕಟುಕ ಸಾಣೆ ಹಿಡಿದ ಮಚ್ಚು. ಕುರಿಗಳು ಅದನ್ನು ನೋಡಿ ಹೆದರುವುದಿಲ್ಲ. ಅದರ ನುಣುಪಿಗೆ, ಹೊಳಪಿಗೆ ಬೆರಗಾಗಿ ಹೊಗಳುತ್ತವೆ, ಕುಣಿದಾಡುತ್ತವೆ. ಪದ್ಯದಲ್ಲಿ ಅತ್ಯಂತ ಸಂತೋಷದ ಜಾಗ ಇದೇ. ಅತ್ಯಂತ ಭಯಂಕರ ಜಾಗವೂ ಇದೇ. ಮೆಚ್ಚುಗೆಯ ಉದ್ಗಾರ ಕವಿಯದಲ್ಲ, ಕುರಿಗಳದು. ಕವಿ ಅವುಗಳ ಬಾಯಿಗೆ ಮೆಚ್ಚುಗೆ ಇಟ್ಟು ತಾನು ಪಕ್ಕಕ್ಕೆ ಸರಿದಿದ್ದಾನೆ. ಕುರಿಗೆ ಕಂಡದ್ದು ಹೊಳಪು, ನಮಗೆ ಕಾಣುವುದು ಅಲಗು. ಈ ಎರಡು ನೋಟಗಳ ನಡುವಿನ ಜಾಗದಲ್ಲಿ ವ್ಯಂಗ್ಯ ಕೂತಿದೆ. ಅಲಗು ಕಾಣದವನಿಗೆ ಅದು ಬರೀ ಕುಣಿತದ ಹಾಡು, ಮೇಜಿನ ಮೇಲೆ ತಾಳ ಹಾಕಬಹುದು.

ಭಾವ ಮೇಜಿನ ಮೇಲಿನ ಕೈ ತೆಗೆದರು. "ಇದು ಹೊಸಬರ ಬುದ್ಧಿ. ನಮ್ಮ ದಾಸರು ಹೀಗೆಲ್ಲ ಮಾಡ್ತಿರಲಿಲ್ಲ. ಹೇಳೋದನ್ನ ನೇರವಾಗಿ ಹೇಳೋರು" ಅಂದರು.

ದಾಸರ ಹೆಸರು ಎತ್ತಬಾರದಾಗಿತ್ತು. ಪುರಂದರದಾಸರ 'ಡೊಂಕು ಬಾಲದ ನಾಯಕರೆ' ಇವರ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಬಾಲ ಕಟ್ಟಿಕೊಂಡು ಕುಣಿದ ಹಾಡು. ಮುಂದಿನ ಸಾಲಿನಲ್ಲಿ ಕೂತು ವೀಡಿಯೋ ತೆಗೆದವರು ಇವರೇ. ಆ ಹಾಡಿನಲ್ಲಿ ಮಾತನಾಡಿಸುತ್ತಿರುವುದು ಬೀದಿ ನಾಯಿಯನ್ನು. ಮಾತನಾಡಿಸುವ ರೀತಿ ಮಾತ್ರ ಮದುವೆಗೆ ಬಂದ ಬೀಗರನ್ನು ವಿಚಾರಿಸುವ ಹಾಗೆ. ಸಂಬೋಧನೆಗೆ ಬಹುವಚನ, ಕ್ರಿಯಾಪದಕ್ಕೆ ಬಹುವಚನ, ಊಟದ ವಿಚಾರಣೆ ಬೇರೆ. ಹಾಡಿನ ಉದ್ದಕ್ಕೂ ಆ ಮರ್ಯಾದೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಬೈಯುವ ಪದ ಒಂದೂ ಇಲ್ಲ.

"ಈಗ ಒಂದು ಕೆಲಸ ಮಾಡಿ ಭಾವ. ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು, ಆ ನಾಯಕರು ಏನೇನು ಮಾಡಿದರು ಅಂತ ಬರೀ ಕೆಲಸಗಳನ್ನ ಹೇಳಿ" ಅಂದೆ.

ಪಾರ್ಸೆಲ್ ಪಟ್ಟಿ ಮಾಡುವವರಿಗೆ ಇದು ಸುಲಭ. ಭಾವ ಬೆರಳು ಮಡಿಸುತ್ತ ಹೇಳಿದರು: ಹಿಟ್ಟು ಕುಟ್ಟುವಲ್ಲಿ ಇಣುಕಿ ನೋಡಿದ್ದು, ಒನಕೆಯಲ್ಲಿ ಏಟು ತಿಂದದ್ದು, ಕುಂಯಿಗುಟ್ಟಿದ್ದು. ಹುಗ್ಗಿ ಮಾಡುವಲ್ಲಿಗೆ ಹೋಗಿದ್ದು, ಸೌಟಿನ ಏಟು ತಿಂದದ್ದು. ದಾರಿಯಲ್ಲಿ ಓಡಿದ್ದು, ಬೂದಿಯಲ್ಲಿ ಹೊರಳಿದ್ದು. ಪಟ್ಟಿ ಮುಗಿಯುವ ಹೊತ್ತಿಗೆ ಅವರ ದನಿಯೇ ಇಳಿದಿತ್ತು. ಮೊಮ್ಮಗಳು ಇಷ್ಟೆಲ್ಲ ಏಟು ತಿಂದಳೆಂದು ಅವರಿಗೆ ಹೊಳೆದದ್ದು ಆಗಲೇ ಇರಬೇಕು.

ಏಟು ತಿಂದ ನಾಯಿಯ ಕುಂಯಿಗುಟ್ಟುವಿಕೆಗೆ ದಾಸರು ಕೊಟ್ಟ ಹೆಸರೇನು ಗೊತ್ತೇ? ರಾಗ. ಕರ್ನಾಟಕ ಸಂಗೀತದ ಪಿತಾಮಹ ಅನ್ನಿಸಿಕೊಂಡವರು ಸುಮ್ಮನೆ ಆ ಹೆಸರು ಕೊಡುತ್ತಾರೆಯೇ? ಮರ್ಯಾದೆ ಮೇಲಕ್ಕೆ ಏರುತ್ತ ಹೋಗುತ್ತದೆ, ಕೆಲಸ ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ಕೊನೆಗೆ ಪುರಂದರವಿಠಲನನ್ನು ಮರೆತು ತಿರುಗುವ ಮಾತು ಬಂದಾಗ ನಾಯಿ ನಾಲ್ಕು ಕಾಲಿನದಲ್ಲ, ಎರಡು ಕಾಲಿನದು ಎಂದು ತಿಳಿಯುತ್ತದೆ. ಹಬ್ಬದಡುಗೆಯ ವಾಸನೆ ಹಿಡಿದು ಅಡುಗೆಮನೆ ಇಣುಕುವವರು, ಬೈಸಿಕೊಂಡು ಓಡಿದರೂ ಮಾರನೆಯ ದಿನ ಮತ್ತೆ ಬರುವವರು ಎಲ್ಲ ಊರಿನಲ್ಲೂ ಇದ್ದರು. ಅವರು ಈ ಹಾಡು ಕೇಳಿ ನಾಯಿಗೆ ಹೇಳಿದ್ದೆಂದು ನಕ್ಕಿರಬೇಕು.

ನಾನು ಭಾವನಿಗೆ ಹೇಳಿದ ಸೂತ್ರ ಇಷ್ಟೇ. ಹೊಗಳಿಕೆಯ ಪದ್ಯ ಕಂಡಾಗ ವಿಶೇಷಣಗಳನ್ನು ನೋಡುತ್ತ ಕೂರಬೇಡಿ. ಕರುಣಾಳು, ಧೀಮಂತ, ಮಹನೀಯ ಎಲ್ಲ ಬಾಡಿಗೆಗೆ ಸಿಕ್ಕುವ ಪೇಟಗಳು. ಕ್ರಿಯಾಪದಗಳನ್ನು ಮಾತ್ರ ಹೆಕ್ಕಿ ಸಾಲಾಗಿ ಜೋಡಿಸಿ. ಹೊಗಳಿಸಿಕೊಂಡವನು ನಿಜವಾಗಿ ಮಾಡಿದ್ದೇನು, ಮಾಡದೇ ಬಿಟ್ಟಿದ್ದೇನು? ಆ ಪಟ್ಟಿಯೂ ವಿಶೇಷಣಗಳೂ ಒಂದೇ ದಿಕ್ಕಿಗೆ ನಡೆದರೆ ಅದು ಸ್ತುತಿ. ಒಂದು ಮೆಜೆಸ್ಟಿಕ್ಕಿಗೂ ಇನ್ನೊಂದು ಬನಶಂಕರಿಗೂ ಹೊರಟಿದ್ದರೆ ಜೇಬು ಮುಟ್ಟಿ ನೋಡಿಕೊಳ್ಳಿ.

ಭಾವ ಸೂತ್ರವನ್ನು ಒಪ್ಪಿದರು. ಹಾಗೆಂದು ನಂಬಲಾಗದೆ, ಪರೀಕ್ಷೆ ಮಾಡೋಣವೆಂದು ನಾನೇ ಒಂದು ಬಿನ್ನವತ್ತಳೆ ಹೊಸೆದೆ. ನಿವೃತ್ತರಾಗುವ ಅಧಿಕಾರಿಗೆ ಸಿಬ್ಬಂದಿ ಸಭೆಯಲ್ಲಿ ಓದಿ, ಗಾಜಿನ ಚೌಕಟ್ಟು ಹಾಕಿಸಿ ಕೊಡುತ್ತಾರಲ್ಲ, ಆ ಜಾತಿಯದು. ಯಾವುದೋ ಬೀಳ್ಕೊಡುಗೆಯಲ್ಲಿ ಓದಿದ್ದು ಎಂದು ಹೇಳಿ ಕೈಗೆ ಕೊಟ್ಟೆ.

ಬರಿಗೈಲಿ ಬಂದವರ ಕಂಡರಿಯರಿವರು,
ಕಾದವರ ತಾಳ್ಮೆಯನು ಬೆಳೆಸಿದವರಿವರು,
ಕಡತಗಳ ಹಸುಗೂಸಿನಂತೆ ಮಲಗಿಸಿ ತೂಗಿ
ಒಂದನೂ ಎಬ್ಬಿಸದ ಕರುಣೆಯವರಿವರು.

ಹೊರಡುತಿರಲಿಂದು ನಮಗೆದೆ ತುಂಬಿ ಬರುತಿಹುದು
ಇಂಥವರು ಮತ್ತೆ ಬರಲಾರರೆಂದೆನಿಸಿ;
ಹಾರ ಶಾಲಿನ ಜೊತೆಗೆ ಲಡ್ಡು ಹಂಚುತಲಿಹೆವು,
ಊರೆಲ್ಲ ಸಿಹಿಯಾಗಲೀ ದಿನವ ನೆನೆಸಿ.

ಭಾವ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಕಣ್ಣಲ್ಲಿ ನೀರಾಡಿತು. "ಕಡತ ಹಸುಗೂಸು ಅಂತೆ! ಎಂಥಾ ಮಾತು! ನನ್ನ ಸ್ನೇಹಿತರೊಬ್ಬರು ಈ ತಿಂಗಳು ರಿಟೈರ್ ಆಗ್ತಿದಾರೆ. ಅವರಿಗೆ ಇದನ್ನೇ ಫ್ರೇಮ್ ಹಾಕಿಸಿಬಿಡೋಣ" ಅಂದರು.

ಅಕ್ಕ ಕಾಫಿ ತಂದಿಟ್ಟು ನನ್ನ ಮುಖ ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಅವಳು ನಿಂತಲ್ಲೇ ಕಾಗದ ಇಣುಕಿ ಓದಿದ್ದಳು. ನಾಡಕಚೇರಿಯ ಬಾಗಿಲು ಕಾದ ಅನುಭವ ಇರುವವರಿಗೆ ಸೂತ್ರ ಬೇಕಾಗುವುದಿಲ್ಲ.

"ಭಾವ, ಸೂತ್ರ" ಅಂದೆ.

ಅವರು ಪೆನ್ನು ತೆಗೆದು ಕ್ರಿಯಾಪದಗಳ ಕೆಳಗೆ ಗೆರೆ ಎಳೆದರು. ಕಂಡರಿಯರು. ಬೆಳೆಸಿದರು. ಮಲಗಿಸಿದರು, ತೂಗಿದರು, ಎಬ್ಬಿಸಲಿಲ್ಲ. ಎರಡನೆಯ ಗೆರೆಯವರೆಗೂ ಅವರಿಗೆ ಏನೂ ಆಗಲಿಲ್ಲ. ತಾಳ್ಮೆ ಬೆಳೆಯಬೇಕಾದರೆ ಕಾಯಬೇಕು, ಕಾಯಬೇಕಾದರೆ ಯಾರಾದರೂ ಕಾಯಿಸಬೇಕು ಅಂತ ನಾನು ಬಾಯಿಬಿಡಲಿಲ್ಲ. ಕಡತಕ್ಕೆ ಬಂದಾಗ ಪೆನ್ನು ನಿಂತಿತು. "ಕಡತ ಮಲಗಿಬಿಟ್ರೆ ಕೆಲಸ ಆಗೋದು ಹೇಗೆ?" ಅಂದರು. ಅಲ್ಲಿಂದ ಹಿಂದಕ್ಕೆ ಹೋದರು. ಬರಿಗೈಲಿ ಬಂದವರನ್ನು ಕಂಡೇ ಇಲ್ಲ ಅಂದರೆ ಯಾವಾಗಲೂ ತುಂಬಿದ ಕೈಯವರೇ ಬಂದರು, ಅಥವಾ ಬರಿಗೈಯವರು ಬಂದರೂ ಇವರ ಕಣ್ಣಿಗೆ ಬೀಳಲಿಲ್ಲ. ಎರಡರಲ್ಲಿ ಯಾವುದನ್ನು ಹಿಡಿದರೂ ಅಧಿಕಾರಿಗೆ ಕ್ಷೇಮವಲ್ಲ.

ಗಮನಿಸಿ, ಪದ್ಯ ಬಿಟ್ಟುಕೊಟ್ಟದ್ದು ಮೂರನೆಯ ಸಾಲಿನಲ್ಲಿ. ಅಲ್ಲಿಯವರೆಗೆ ಅದು ಮುಖ ಬಿಗಿದುಕೊಂಡೇ ಇತ್ತು. ಒಂದು ಸಾಲು ಬಿರುಕು ಬಿಟ್ಟ ಮೇಲೆ ಹಿಂದಿನ ಸಾಲುಗಳು ಬೇರೆಯಾಗಿ ಕಾಣುತ್ತವೆ, ಮುಂದಿನವು ಕಾಯುತ್ತ ನಿಂತಿರುತ್ತವೆ. ವ್ಯಂಗ್ಯವಿರುವ ಪದ್ಯವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿದರೆ ಸಾಲದು, ಬಿರುಕು ಕಂಡ ಸಾಲಿನಿಂದ ಮೇಲಕ್ಕೆ ಹತ್ತಿಯೂ ಓದಬೇಕು.

"ಇಂಥವರು ಮತ್ತೆ ಬರಲ್ಲ ಅಂತ ಎದೆ ತುಂಬಿ ಬಂತು ಅಂದ್ರೆ..." ಭಾವ ನಿಲ್ಲಿಸಿದರು. "ದುಃಖದಿಂದ ಅಲ್ವಾ?"

"ಯಾವುದರಿಂದ ಅಂತ ಪದ್ಯ ಹೇಳಿದೆಯಾ?"

"ಇಲ್ಲ."

"ಲಡ್ಡು ಹಂಚ್ತಿರೋದು ಯಾರನ್ನ ನೆನೆದು?"

ಭಾವ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಧಿಕಾರಿಯನ್ನು ನೆನೆದಲ್ಲ, ಈ ದಿನವನ್ನು ನೆನೆದು. ಅಂದರೆ ಅವರು ತೊಲಗಿದ ದಿನವನ್ನು. ಅವರು ಕಾಗದವನ್ನು ಹಾವು ಬಿಟ್ಟ ಹಾಗೆ ಮೇಜಿನ ಮೇಲೆ ಬಿಟ್ಟರು. "ಅಯ್ಯೋ ನಿನ್ನ! ಇದನ್ನ ಅವರಿಗೆ ಕೊಟ್ಟಿದ್ರೆ ನನ್ನ ಗತಿ ಏನಯ್ಯ?"

ಆ ಪ್ರಶ್ನೆಯಲ್ಲೇ ಇನ್ನೊಂದು ಸಂಗತಿ ಇತ್ತು. ಅವರ ಸ್ನೇಹಿತರು ಹೇಗೆ ಅಂತ ಕೇಳಿದೆ. ಮೇಜಿನ ಮೇಲೆ ಒಂದು ಕಾಗದ ರಾತ್ರಿ ಉಳಿಯಲು ಬಿಡದ ಮನುಷ್ಯ ಅಂದರು. ಹಾಗಾದರೆ ಈ ಪದ್ಯ ಅವರ ಕೈಗೆ ಹೋದರೆ ವ್ಯಂಗ್ಯವೂ ಆಗುವುದಿಲ್ಲ, ಬರೀ ಸುಳ್ಳು ಅಪವಾದ ಆಗುತ್ತದೆ. ಕೇಳುವವರಿಗೆ ನಿಜ ಗೊತ್ತಿದ್ದು, ಪದ್ಯ ಆ ನಿಜಕ್ಕೆ ತಿರುಗಿ ನಿಂತಾಗ ಮಾತ್ರ ಈ ಆಟ ನಡೆಯುತ್ತದೆ.

ಇದು ನನ್ನ ಸಂಶೋಧನೆಯಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ತನ್ನ 'ಕಾವ್ಯಪ್ರಕಾಶ'ದಲ್ಲಿ ಇದಕ್ಕೆಂದೇ ಒಂದು ಶ್ಲೋಕ ಎತ್ತಿಕೊಂಡಿದ್ದಾನೆ. ನೀನು ಮಾಡಿದ ಉಪಕಾರ ಹೇಳತೀರದು, ಎಂಥ ಸಜ್ಜನಿಕೆ ತೋರಿಸಿದೆ, ಹೀಗೇ ಮಾಡುತ್ತಿರು ಗೆಳೆಯ, ನೂರು ವರ್ಷ ಸುಖವಾಗಿ ಬಾಳು ಎಂಬುದು ಅದರ ಭಾವಾರ್ಥ. ಹುಡುಕಿ ನೋಡಿ, ಒಳಗೆ ಎಲ್ಲೂ ಬಿರುಕಿಲ್ಲ. ಲಡ್ಡುವಿಲ್ಲ, ಮಲಗಿದ ಕಡತವಿಲ್ಲ. ಮಗನಿಗೆ ಫೀಸು ಕಟ್ಟಿದ ಸ್ನೇಹಿತನಿಗೆ ಹೇಳಿದರೆ ಅದು ಕಣ್ಣೀರಿನ ಕೃತಜ್ಞತೆ. ಬೆನ್ನಿಗೆ ಚೂರಿ ಹಾಕಿದ ಸ್ನೇಹಿತನಿಗೆ ಹೇಳಿದರೆ ಪ್ರತಿ ಪದವೂ ತಲೆಕೆಳಗು. ಶ್ಲೋಕ ಬಂದದ್ದು ಎರಡನೆಯ ಸಂದರ್ಭಕ್ಕೆ. ಮಾತಿನ ನೇರ ಅರ್ಥ ಪೂರ್ತಿ ಬಿದ್ದುಹೋಗಿ ಅದರ ವಿರುದ್ಧ ಏಳುವ ಇದನ್ನು ನಮ್ಮ ಕನ್ನಡ ಎಂ.ಎ. ಹುಡುಗರು ವಿಪರೀತ ಲಕ್ಷಣೆ ಅಂತ ಬಾಯಿಪಾಠ ಮಾಡುತ್ತಾರೆ. ಹೊಗಳುವ ನೆಪದಲ್ಲಿ ತೆಗಳುವುದಕ್ಕೂ, ತೆಗಳುವ ನೆಪದಲ್ಲಿ ಹೊಗಳುವುದಕ್ಕೂ ವ್ಯಾಜಸ್ತುತಿ ಅಂತ ಒಂದೇ ಹೆಸರಿಟ್ಟವರೂ ಅದೇ ಮನೆತನದ ಆಲಂಕಾರಿಕರು. ಮಮ್ಮಟನ ಶ್ಲೋಕದಂಥ ಪದ್ಯಕ್ಕೆ ಕ್ರಿಯಾಪದದ ಸೂತ್ರ ಕೆಲಸಕ್ಕೆ ಬಾರದು. ಯಾರಿಗೆ ಹೇಳಿದ್ದು ಎಂಬುದು ಗೊತ್ತಿಲ್ಲದಿದ್ದರೆ ಅದು ಎಂದೆಂದಿಗೂ ಶುಭಾಶಯ ಪತ್ರವೇ.

ವಿದ್ಯೆ ಕಲಿಸುವಾಗ ಶಿಷ್ಯನ ಉತ್ಸಾಹಕ್ಕೆ ಒಂದು ಮಿತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮುಂದಿನ ಸಲ ಆಫೀಸಿಗೆ ಹೋದಾಗ ಭಾವ ಬಾಗಿಲಲ್ಲೇ ಹಿಡಿದರು. "ನಿತ್ಯೋತ್ಸವ ಇದೆಯಲ್ಲ, ಅದೂ ವ್ಯಂಗ್ಯ ಕಣಯ್ಯ! ಜೋಗದಲ್ಲಿ ಬೇಸಿಗೆಗೆ ನೀರೆಲ್ಲಿದೆ? ಗಂಧದ ಮರ ಯಾರು ಉಳಿಸಿದಾರೆ? ತುಂಗೆ ಹೇಗಿದೆ ನೋಡಿದೀಯಾ? ಇಷ್ಟಿದ್ರೂ ನಿತ್ಯ ಉತ್ಸವ ಅಂದ್ರೆ? ನಿಸಾರ್ ಸಾಹೇಬ್ರು ಎಲ್ಲರಿಗೂ ಟೋಪಿ ಹಾಕಿದಾರೆ!"

ನಾನು ಕುರ್ಚಿ ಎಳೆದು ಕೂತೆ. 'ನಿತ್ಯೋತ್ಸವ'ಕ್ಕೆ ಮೈಸೂರು ಅನಂತಸ್ವಾಮಿ ಕಟ್ಟಿದ ಮಟ್ಟು 1978ರ ಧ್ವನಿಸುರುಳಿಯಿಂದ ಮನೆಮನೆಗೆ ಹೋಯಿತು. ಆಗಿನಿಂದ ಅದನ್ನು ಹಾಡದ ಶಾಲೆಯಿಲ್ಲ. ಇಷ್ಟು ವರ್ಷ ಅದನ್ನು ಆರತಿ ಎಂದುಕೊಂಡ ನಾಡೆಲ್ಲ ಮೋಸಹೋಯಿತೇ?

ಹೋಗಲಿಲ್ಲ. ಭಾವ ತಂದ ಸಾಕ್ಷಿಗಳೆಲ್ಲ ಪದ್ಯದ ಹೊರಗಿನವು. ಪದ್ಯ ಬರೆದಾದ ಮೇಲೆ ನದಿ ಕೆಟ್ಟರೆ ಅದು ನದಿಯ ದುರ್ದೈವ, ಕವಿಯ ಕುಹಕವಲ್ಲ. ಒಳಗೆ ಹೋಗಿ ನೋಡಿ. ಅಲ್ಲಿ ಜೋಗ ಬೆಳಗುತ್ತದೆ, ತುಂಗೆ ಬಳುಕುತ್ತದೆ, ಸಹ್ಯಾದ್ರಿ ನಿಂತಿದೆ, ಹಳೆಯ ಸಾಮ್ರಾಜ್ಯಗಳ ನೆನಪು ಬರುತ್ತದೆ. ಹೊಗಳಿಕೆ ಯಾವ ದಿಕ್ಕಿಗೋ ಕೆಲಸವೂ ಅದೇ ದಿಕ್ಕಿಗೆ. ಮಾತನಾಡುತ್ತಿರುವವನು ತಾಯಿಗೆ ಮಾತನಾಡುತ್ತಿದ್ದಾನೆ. ನಡುವೆ ಸಾರ್ ಇಲ್ಲ, ಮಚ್ಚನ್ನು ಮೆಚ್ಚುವ ಕುರಿಯಿಲ್ಲ. ಕವಿ ತನ್ನ ಮಾತನ್ನು ಬೇರೆಯವರ ಬಾಯಿಗೆ ಇಟ್ಟಿಲ್ಲ. ವ್ಯಂಗ್ಯವೆಂದು ಓದಿದರೆ ಪದ್ಯದ ಯಾವ ಸಾಲೂ ಹೆಚ್ಚು ಅರ್ಥವಾಗುವುದಿಲ್ಲ, ಇದ್ದ ಅರ್ಥವೂ ಸೋರಿಹೋಗುತ್ತದೆ. ಬಿನ್ನವತ್ತಳೆಯಲ್ಲಿ ಹಾಗಲ್ಲ. ವ್ಯಂಗ್ಯ ಎಂದುಕೊಂಡ ಮೇಲೆ ಆ 'ದಿನವ ನೆನೆಸಿ' ಯಾಕೆ ಬಂತು, 'ಎಬ್ಬಿಸದ' ಯಾಕೆ ಬಂತು ಎಲ್ಲಕ್ಕೂ ಲೆಕ್ಕ ಸಿಕ್ಕುತ್ತದೆ. ಇವತ್ತಿನ ತುಂಗೆಯನ್ನು ನೋಡಿ ನಮಗೆ ಆ ಹಾಡು ಚುಚ್ಚಿದರೆ ಚುಚ್ಚಲಿ. ಅದು ನಮ್ಮ ಮತ್ತು ತುಂಗೆಯ ನಡುವಿನ ವ್ಯವಹಾರ. ಅದಕ್ಕೆ ನಿಸಾರರ ಸಹಿ ಹಾಕಿಸಬಾರದು.

"ಹಂಗಾದ್ರೆ ನಮ್ಮ ರತ್ನ?" ಭಾವ ಬಿಡಲಿಲ್ಲ. "ಕುಡುಕನ ಬಾಯಲ್ಲಿ ಕನ್ನಡದ ಹೊಗಳಿಕೆ. ಮಾತು ಕವಿದಲ್ಲ, ಇನ್ನೊಬ್ಬನ ಬಾಯಿಗೆ ಇಟ್ಟಿರೋದು. ನಿನ್ನ ಲೆಕ್ಕದಲ್ಲಿ ಅದು ವ್ಯಂಗ್ಯ ಆಗಲೇಬೇಕಲ್ಲ?"

ಮೆಚ್ಚಬೇಕಾದ ಪ್ರಶ್ನೆ. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಪೂರ್ತಿ ಹೆಂಡಗುಡುಕ ರತ್ನನ ಬಾಯಲ್ಲೇ ಇದೆ. ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ಮೇಷ್ಟರು ಅವರು, ರತ್ನನ ಹಾಗೆ ಹೆಂಡದಂಗಡಿಯ ಗಿರಾಕಿಯಲ್ಲ. ಅವನು ಹೆಂಡವನ್ನು ಹೊಗಳುವಾಗ ಮೇಷ್ಟರು ಪಕ್ಕಕ್ಕೆ ನಿಂತು ನಗುತ್ತಿರುತ್ತಾರೆ, ಹೊಗಳಿಕೆಯ ಹಿಂದೆ ಬಡತನವೂ ತೂರಾಟವೂ ಕಾಣುತ್ತಿರುತ್ತವೆ. ಅಲ್ಲಿ ನಮ್ಮ ಸೂತ್ರ ನಡೆಯುತ್ತದೆ. ಆದರೆ ಅದೇ ರತ್ನ ಕನ್ನಡದ ವಿಷಯಕ್ಕೆ ಬಂದಾಗ ಏನು ಮಾಡುತ್ತಾನೆ? ಹೆಂಡ ಬಿಡು ಅಂದರೆ ಬಿಡುತ್ತಾನೆ, ಹೆಂಡತಿಯನ್ನು ಬಿಡು ಅಂದರೂ ಒಪ್ಪುತ್ತಾನೆ, ಕನ್ನಡ ಬಿಡು ಅಂದರೆ ಮಾತ್ರ ದೇವರ ಜೊತೆಗೇ ಜಗಳಕ್ಕೆ ನಿಲ್ಲುತ್ತಾನೆ. ಬಾಯಿ ಹೊಲಿಸಿದರೂ ಮೂಗಿನಲ್ಲಿ ಹಾಡುತ್ತಾನಂತೆ. ಮಾತಿನ ಧಾಟಿ ನಗೆಯದು, ಆದರೆ ಕೆಲಸಗಳ ಪಟ್ಟಿ ಮಾಡಿ ನೋಡಿ: ತನ್ನದೆಲ್ಲವನ್ನೂ ಕೊಟ್ಟ, ಒಂದನ್ನು ಕೊಡಲಿಲ್ಲ. ಮಾತು ತೊದಲುತ್ತದೆ, ಕೆಲಸ ತೊದಲುವುದಿಲ್ಲ. ಮೇಲೆ ತಮಾಷೆ ಇದ್ದು ಒಳಗೆ ನಿಜವಿರುವ ಪದ್ಯ ಅದು, ನಾಯಕರ ಹಾಡಿನ ತದ್ವಿರುದ್ಧ. ಬೇರೆಯವರ ಬಾಯಿ ಎಂದಾಕ್ಷಣ ವ್ಯಂಗ್ಯ ಎಂದು ಮುದ್ರೆ ಒತ್ತಬಾರದು. ಆ ಬಾಯಿ ಎಲ್ಲಿ ನಂಬಿಕೆಗೆ ಯೋಗ್ಯ, ಎಲ್ಲಿ ಅಲ್ಲ ಎಂದು ಸಾಲುಸಾಲಾಗಿ ನೋಡಬೇಕು.

"ಅಂದ್ರೆ ಕುಡುಕನ್ನೂ ಒಂದೊಂದ್ಸಲ ನಂಬಬಹುದು ಅಂತಾಯ್ತು" ಅಂದರು ಭಾವ.

"ಲಾರಿ ಡ್ರೈವರ್‌ಗಳನ್ನ ಬಿಟ್ಟು" ಅಂದೆ.

ಅವರು ನಗಲಿಲ್ಲ. ಸ್ನೇಹಿತರ ಬೀಳ್ಕೊಡುಗೆ ಹತ್ತಿರ ಬಂದಿತ್ತು, ಪದ್ಯ ಇರಲಿಲ್ಲ. ನಾನು ಹೊಸದು ಬರೆದುಕೊಡುತ್ತೇನೆ ಅಂದರೆ ನಂಬಿಕೆಯೂ ಇರಲಿಲ್ಲ. ಮೇಜಿನ ಡ್ರಾಯರಿನಿಂದ ಹಳೆಯ ಕಾಗದವನ್ನೇ ತೆಗೆದು ನನ್ನ ಮುಂದಿಟ್ಟರು. ಗೆರೆ ಎಳೆದಿದ್ದ ಕ್ರಿಯಾಪದಗಳನ್ನು ತಾವೇ ಹೊಡೆದುಹಾಕಿ ಮೇಲೆ ಬೇರೆ ಬರೆದಿದ್ದರು. ಬಿಲ್ ಪುಸ್ತಕದ ದುಂಡಗಿನ ಅಕ್ಷರ:

ಬರಿಗೈಲಿ ಬಂದವರ ಕೈ ಹಿಡಿದರಿವರು,
ಕಾದವರ ತಾಳ್ಮೆಯನು ಉಳಿಸಿದವರಿವರು,
ಕಡತಗಳು ಹಸುಗೂಸಿನಂತೆ ಮಲಗಿರುವಾಗ
ಒಂದನೂ ಬಿಡದಂತೆ ಎಬ್ಬಿಸಿದರಿವರು.

ಎರಡನೆಯ ಪದ್ಯವನ್ನು ಮುಟ್ಟಿರಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ. ಮೇಲಿನ ನಾಲ್ಕು ಸಾಲಿನಲ್ಲಿ ಕೆಲಸಗಳು ತಿರುಗಿದ ಕೂಡಲೇ ಕೆಳಗಿನ ನಾಲ್ಕು ಸಾಲು ಒಂದಕ್ಷರ ಬದಲಾಗದೆ ತಾವಾಗಿ ಕೈಮುಗಿದು ನಿಂತಿದ್ದವು. ಇಂಥವರು ಮತ್ತೆ ಬರಲಾರರು ಎಂಬುದು ಈಗ ನಿಜವಾದ ದುಃಖ. ಎದೆ ತುಂಬಿ ಬಂದದ್ದು ನಿಜವಾಗಿ ತುಂಬಿ ಬಂದದ್ದು. ನಾನು ಮಮ್ಮಟನನ್ನು ಕರೆತಂದು ಹೇಳಿದ್ದನ್ನು ಭಾವ ಪೆನ್ನಿನ ನಾಲ್ಕು ಗೀಟಿನಲ್ಲಿ ಮಾಡಿ ತೋರಿಸಿದ್ದರು. ಪದ್ಯ ಸಪ್ಪೆಯಾಗಿದೆ ಎಂಬುದು ಬೇರೆ ಮಾತು. ಎಬ್ಬಿಸಿದ ಹಸುಗೂಸುಗಳೆಲ್ಲ ಒಟ್ಟಿಗೆ ಅಳುವುದೂ ಕೇಳಿಸುತ್ತಿತ್ತು. ಆದರೆ ಚೌಕಟ್ಟು ಹಾಕಿಸಲು ಯಾವ ಅಡ್ಡಿಯೂ ಇರಲಿಲ್ಲ.

"ಸರಿಯಾಗಿದೆ ಭಾವ, ಫ್ರೇಮ್ ಅಂಗಡಿಗೆ ಕಳಿಸಿ" ಅಂದೆ.

"ತಾಳು, ತಾಳು. ಲಡ್ಡು ಅಂತ ಇದೆಯಲ್ಲ, ಅದನ್ನ ತೆಗೆದು ಹಣ್ಣು ಅಂತ ಹಾಕು."

"ಲಡ್ಡು ಈಗ ಏನು ಮಾಡಿತು? ವ್ಯಂಗ್ಯ ಎಲ್ಲ ಹೋಯ್ತಲ್ಲ?"

"ಅವರಿಗೆ ಸಕ್ಕರೆ ಕಾಯಿಲೆ ಕಣಯ್ಯ" ಅಂದರು ಭಾವ, ನನ್ನನ್ನು ಮೂರನೆಯ ಕ್ಲಾಸಿನ ಹುಡುಗನನ್ನು ನೋಡುವ ಹಾಗೆ ನೋಡುತ್ತ. "ಊರಿಗೆಲ್ಲ ಗೊತ್ತು. ಸಭೆಯಲ್ಲಿ ಲಡ್ಡು ಅಂತ ಓದಿದ್ರೆ ಮೊದಲನೇ ಸಾಲಿನವರೇ ನಗ್ತಾರೆ."